34 ಪುಟಗಳ ಅಧ್ಯಾಯ, ಒಂದು ಟಿಪ್ಪಣಿ: ಬಂಗಾಳದ ಕ್ಷಾಮವನ್ನು ಗ್ರಂಥಸೂಚಿಗೆ ಇಳಿಸಿದ ಪ್ರಕರಣ

ಇತಿಹಾಸ ಎಂ.ಎ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಸೆಮಿಸ್ಟರ್ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ 1876–78ರ ಕ್ಷಾಮದಲ್ಲಿ ಬಳ್ಳಾರಿ ಸೀಮೆಯ ನೇಕಾರರ ಪಾಡು. ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದ ಕ್ಷಾಮ ಅದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆ ಪ್ರಾಂತ್ಯದಲ್ಲಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಅದೂ ಒಂದು. ಪ್ರಬಂಧಕ್ಕೆ ಮುಂಚೆ ಟಿಪ್ಪಣಿಸಹಿತ ಗ್ರಂಥಸೂಚಿಯೊಂದನ್ನು ಒಪ್ಪಿಸಬೇಕಿತ್ತು. ಪ್ರತಿ ನಮೂದಿನಲ್ಲಿ ಮೊದಲು ಕೃತಿಯ ವಿವರದ ಸಾಲು, ಅದರ ಕೆಳಗೆ ಸುಮಾರು 100 ಪದಗಳ ಟಿಪ್ಪಣಿ. ಕಡ್ಡಾಯ ಓದಿಗೆಂದು ಗೊತ್ತುಮಾಡಿದ್ದ ಪಠ್ಯ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೆನ್ ಅವರ 1981ರ ಪುಸ್ತಕ 'ಪಾವರ್ಟಿ ಅಂಡ್ ಫ್ಯಾಮಿನ್ಸ್'ನ ಆರನೆಯ ಅಧ್ಯಾಯ. 1943ರ ಬಂಗಾಳ ಕ್ಷಾಮವನ್ನು ಕುರಿತ ಆ ಅಧ್ಯಾಯ 52ನೇ ಪುಟದಿಂದ 85ನೇ ಪುಟದವರೆಗೆ ಹಬ್ಬಿದೆ, ನಡುವೆ ಕೋಷ್ಟಕಗಳೂ ಸಾಕಷ್ಟಿವೆ.

ಗ್ರಂಥಸೂಚಿ ತಿದ್ದುವ ಕೆಲಸ ನನ್ನದಾಗಿತ್ತು. ಈ ಒಂದು ನಮೂದು ಮೊದಲ ಕರಡಿನಿಂದ ಕೊನೆಯ ರೂಪಕ್ಕೆ ಬಂದ ದಾರಿಯನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಉದ್ದದ ಓದನ್ನು ಸಂಕ್ಷೇಪಿಸುವಾಗ ಎಡವುವ ಜಾಗಗಳೆಲ್ಲ ಇದರಲ್ಲಿ ಒಟ್ಟಿಗೇ ಸಿಗುತ್ತವೆ. ಅವಳು ತಂದ ಮೊದಲ ಕರಡು ಹೀಗಿತ್ತು:

"ಈ ಅಧ್ಯಾಯವು 1943ರ ಬಂಗಾಳದ ಮಹಾ ಕ್ಷಾಮದ ಬಗ್ಗೆ ಚರ್ಚಿಸುತ್ತದೆ. ಮೊದಲಿಗೆ ಕ್ಷಾಮದ ಹಿನ್ನೆಲೆಯನ್ನು ವಿವರಿಸಲಾಗಿದೆ. 1942ರ ಚಂಡಮಾರುತ, ಬೆಳೆಗೆ ತಗುಲಿದ ರೋಗ ಮತ್ತು ಬರ್ಮಾದ ಅಕ್ಕಿ ನಿಂತುಹೋದದ್ದರಿಂದ ಅಕ್ಕಿಯ ಪೂರೈಕೆ ಗಂಭೀರವಾಗಿ ಕುಸಿದು ಕ್ಷಾಮ ಉಂಟಾಯಿತು. ನಂತರ ಬೆಲೆ ಏರಿಕೆ, ಸರ್ಕಾರದ ನೀತಿ, ವಿವಿಧ ವರ್ಗಗಳ ಮೇಲಾದ ಪರಿಣಾಮ ಇವುಗಳನ್ನು ಅಂಕಿಅಂಶಗಳೊಂದಿಗೆ ವಿಶ್ಲೇಷಿಸಲಾಗಿದೆ. ಪೂರೈಕೆ ಶೇ. 5ರಷ್ಟು ಕಡಿಮೆಯಾಗಿತ್ತು. ಕ್ಷಾಮವನ್ನು ಅರ್ಥಮಾಡಿಕೊಳ್ಳಲು ಇದು ಬಹಳ ಉಪಯುಕ್ತವಾದ ಅಧ್ಯಾಯ."

ಭಾಷೆ ಶುದ್ಧವಾಗಿದೆ, ಅಧ್ಯಾಯದ ಕ್ರಮವೂ ತಪ್ಪಿಲ್ಲ. ಆದರೆ ಮೂರನೆಯ ವಾಕ್ಯ ಸೆನ್ ಅವರ ವಾದವನ್ನು ತಲೆಕೆಳಗು ಮಾಡಿಬಿಟ್ಟಿದೆ. ಅಕ್ಕಿಯ ಪೂರೈಕೆ ಗಂಭೀರವಾಗಿ ಕುಸಿದದ್ದೇ ಕ್ಷಾಮಕ್ಕೆ ಕಾರಣ ಎಂದು ಹೇಳಿದ್ದು 1945ರಲ್ಲಿ ವರದಿ ಕೊಟ್ಟ ಕ್ಷಾಮ ವಿಚಾರಣಾ ಆಯೋಗ. ಆ ವಿವರಣೆ ಸಾಲದು ಎಂದು ತೋರಿಸುವುದಕ್ಕಾಗಿಯೇ ಸೆನ್ ಅಧ್ಯಾಯವನ್ನು ಬರೆದಿದ್ದಾರೆ. ಬೇರೆ ಯಾವ ತಪ್ಪನ್ನಾದರೂ ಆಮೇಲೆ ತಿದ್ದಿಕೊಳ್ಳಬಹುದು. ಇದು ಹಾಗೇ ಉಳಿದರೆ ಎರಡು ತಿಂಗಳ ನಂತರ ಪುಸ್ತಕವನ್ನು ಮತ್ತೆ ತೆರೆಯದೆ ಟಿಪ್ಪಣಿಯನ್ನೇ ನಂಬಿ ಪ್ರಬಂಧ ಬರೆಯುವಾಗ, "ಸೆನ್ ಹೇಳುವಂತೆ ಅಕ್ಕಿಯ ಕೊರತೆಯೇ ಕ್ಷಾಮಕ್ಕೆ ಕಾರಣ" ಎಂಬ ವಾಕ್ಯ ಪ್ರಬಂಧದೊಳಗೆ ಬಂದು ಕೂರುತ್ತದೆ.

ಇಂಥ ತಪ್ಪು ಅಸಡ್ಡೆಯಿಂದಲೇ ಆಗುವುದಿಲ್ಲ, ಅಧ್ಯಾಯ ಕಟ್ಟಿರುವ ರೀತಿಯೇ ಅದಕ್ಕೆ ದಾರಿ ಮಾಡಿಕೊಡುತ್ತದೆ. ಸೆನ್ ಮೊದಲು ಕ್ಷಾಮದ ಕಥೆಯನ್ನು ಹೇಳುತ್ತಾರೆ. ಕಲ್ಕತ್ತದ ಸಗಟು ಮಾರುಕಟ್ಟೆಯಲ್ಲಿ 1942ರ ಡಿಸೆಂಬರ್‌ನಲ್ಲಿ ಮಣಕ್ಕೆ 13–14 ರೂಪಾಯಿ ಇದ್ದ ಅಕ್ಕಿ, 1943ರ ಮಾರ್ಚ್‌ಗೆ 21, ಮೇ ತಿಂಗಳಿಗೆ 30ರ ಮೇಲೆ, ಆಗಸ್ಟ್‌ಗೆ 37 ರೂಪಾಯಿ ಮುಟ್ಟಿದ್ದನ್ನು ತೋರಿಸುತ್ತಾರೆ. ಬಂಗಾಳದ ಮಣವೆಂದರೆ ಸುಮಾರು 37 ಕಿಲೋ. ಆಮೇಲೆ ಆಯೋಗದ ವಿವರಣೆಯನ್ನು ಅದರ ಪೂರ್ತಿ ಬಲದೊಂದಿಗೆ, ಯಾವ ವ್ಯಂಗ್ಯವೂ ಇಲ್ಲದೆ ಮುಂದಿಡುತ್ತಾರೆ. 1942ರ ಅಕ್ಟೋಬರ್‌ನ ಚಂಡಮಾರುತ, ಭತ್ತಕ್ಕೆ ಬಿದ್ದ ಶಿಲೀಂಧ್ರ ರೋಗ, ಜಪಾನೀಯರ ಕೈಸೇರಿದ ಬರ್ಮಾದಿಂದ ಅಕ್ಕಿ ನಿಂತದ್ದು ಎಲ್ಲವೂ ಅಲ್ಲಿವೆ. ಅದಾದ ಮೇಲೆಯೇ ಅಂಕಿಅಂಶ ಹಿಡಿದು ಅದನ್ನು ಪರೀಕ್ಷೆಗೆ ಒಡ್ಡುತ್ತಾರೆ. ಎದುರಾಳಿಯ ಮಾತನ್ನು ನ್ಯಾಯವಾಗಿ ಹೇಳುವ ಬರಹಗಾರರನ್ನು ಓದುವಾಗ, ಆ ಪುಟಗಳಲ್ಲಿ ಮಾತಾಡುತ್ತಿರುವವರು ಯಾರು ಎಂಬುದು ದಣಿದ ಕಣ್ಣಿಗೆ ಕಾಣದೆ ಹೋಗುತ್ತದೆ.

"ಅಧ್ಯಾಯ ಪೂರ್ತಿ ಓದಿದೆ ಸರ್, ಆ ಮಾತು ಪುಸ್ತಕದಲ್ಲೇ ಇದೆ" ಎಂದಳು. ಇದ್ದದ್ದು ನಿಜ. "ಇದೆಯಮ್ಮ, ಆದರೆ ಅಲ್ಲಿ ಮಾತಾಡ್ತಿರೋದು ಸೆನ್ ಅಲ್ಲ. ಇನ್ನೊಂದು ಸಲ ಓದು. ಈ ಸಲ ವಿಷಯವನ್ನು ಗುರುತು ಹಾಕಬೇಡ, ಮಾತಾಡುವವರನ್ನು ಗುರುತು ಹಾಕು" ಎಂದೆ.

ಎರಡನೆಯ ಓದನ್ನು ಅವಳು ಪೆನ್ಸಿಲ್ ಹಿಡಿದು, ಜೆರಾಕ್ಸ್ ಪ್ರತಿಯ ಅಂಚಿನಲ್ಲಿ ಮಾಡಿದಳು. ಪ್ರತಿ ಪ್ಯಾರಾದ ಪಕ್ಕದಲ್ಲಿ ಒಂದೇ ಅಕ್ಷರ. ಸೆನ್ ತಮ್ಮ ಮಾತು ಹೇಳುತ್ತಿದ್ದರೆ "ಸೆ", ಆಯೋಗದ್ದನ್ನು ಹೇಳುತ್ತಿದ್ದರೆ "ಆ", ಅಂದಿನ ಸಮೀಕ್ಷೆಗಳ ಅಂಕಿಯಾದರೆ "ಸ", ಯಾರೂ ಅಲ್ಲಗಳೆಯದ ಘಟನೆಯ ವಿವರವಾದರೆ ಬರೀ ಒಂದು ಗೀಟು. ಎರಡು ಧ್ವನಿ ಬೆರೆತ ಪ್ಯಾರಾ ಬಂದಾಗ, ತಿರುವು ಬರುವ ವಾಕ್ಯದ ಕೆಳಗೆ ಗೆರೆ ಎಳೆದಳು. "ಆದರೆ", "ಹಾಗಿದ್ದರೂ", "ಈ ವಾದದಂತೆ" ಎಂಬ ಬಗೆಯ ಮಾತುಗಳು ಅಲ್ಲೇ ಕೂತಿರುತ್ತವೆ. ಇಷ್ಟು ಆದಮೇಲೆ ಅಂಚನ್ನು ಮೇಲಿನಿಂದ ಕೆಳಕ್ಕೆ ನೋಡಿಕೊಂಡು ಹೋದರೆ ಅಧ್ಯಾಯದ ಬೆನ್ನೆಲುಬು ತಾನಾಗಿ ಕಾಣುತ್ತದೆ. ಮೊದಲು ಗೀಟುಗಳು, ಆಮೇಲೆ ಒಂದಷ್ಟು "ಆ", ಅಲ್ಲಿಂದ ಮುಂದೆ ಬಹುಪಾಲು "ಸೆ", ನಡುನಡುವೆ "ಸ". ಕರಡಿನ ಮೂರನೆಯ ವಾಕ್ಯ ಎಲ್ಲಿಂದ ಎದ್ದುಬಂದಿತ್ತೋ ಆ ಪ್ಯಾರಾಗಳ ಪಕ್ಕದಲ್ಲಿ "ಆ" ಬಿದ್ದಿತ್ತು.

ಪುಸ್ತಕ ಮುಚ್ಚಿಟ್ಟು ವಾದವನ್ನು ಒಂದೇ ವಾಕ್ಯದಲ್ಲಿ ಬರೆಯುವಂತೆ ಆಮೇಲೆ ಹೇಳಿದೆ. ಪುಸ್ತಕ ತೆರೆದಿದ್ದರೆ ಕೈ ಅದರ ವಾಕ್ಯಗಳನ್ನೇ ಎತ್ತಿಕೊಳ್ಳುತ್ತದೆ. ಅವಳು ಬರೆದದ್ದು: "ಬಂಗಾಳದಲ್ಲಿ ಒಟ್ಟು ಆಹಾರ ಅಷ್ಟೇನೂ ಕಡಿಮೆಯಾಗಿರಲಿಲ್ಲ, ಕೆಲವು ವರ್ಗಗಳ ಜನ ಅದನ್ನು ಪಡೆಯುವ ಶಕ್ತಿ ಕಳೆದುಕೊಂಡರು ಎಂದು ಸೆನ್ ವಾದಿಸುತ್ತಾರೆ." ಟಿಪ್ಪಣಿಯ ಮೊದಲ ವಾಕ್ಯ ಇದೇ ಆಗಬೇಕು. "ಚರ್ಚಿಸುತ್ತದೆ", "ವಿಶ್ಲೇಷಿಸಲಾಗಿದೆ" ಎಂಬ ಕ್ರಿಯಾಪದಗಳಿಗೆ ಕರ್ತೃವಿನ ನಿಲುವು ಬೇಕಾಗಿಲ್ಲ, ಆದ್ದರಿಂದ ಓದು ಗಟ್ಟಿಯಿಲ್ಲದಿದ್ದಾಗ ಅವೇ ನೆರವಿಗೆ ಬರುತ್ತವೆ. "ವಾದಿಸುತ್ತಾರೆ", "ಅಲ್ಲಗಳೆಯುತ್ತಾರೆ", "ತೋರಿಸುತ್ತಾರೆ", "ಒಪ್ಪಿಕೊಳ್ಳುತ್ತಾರೆ" ಎಂದು ಬರೆಯಬೇಕಾದರೆ ಯಾರು, ಏನನ್ನು ಎಂಬುದು ಗೊತ್ತಿರಲೇಬೇಕು. ಕರಡು ತಿದ್ದುವಾಗ ನಾನು ಮೊದಲು ನೋಡುವುದೇ ಕ್ರಿಯಾಪದಗಳನ್ನು.

ಇನ್ನು ಶೇ. 5ರ ಮಾತು. "ಪೂರೈಕೆ ಶೇ. 5ರಷ್ಟು ಕಡಿಮೆಯಾಗಿತ್ತು" ಎಂಬ ಅವಳ ವಾಕ್ಯದಲ್ಲಿ ಅಂಕಿ ಸರಿಯಾಗಿದೆ, ಆದರೂ ಅದು ಓದುಗನ ದಾರಿ ತಪ್ಪಿಸುತ್ತದೆ. ಯಾವುದಕ್ಕಿಂತ ಕಡಿಮೆ ಎಂಬುದು ಬಿಟ್ಟುಹೋಗಿದೆ. ಸೆನ್ ಅವರ ಲೆಕ್ಕದಲ್ಲಿ 1943ರ ಪೂರೈಕೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇ. 5 ಕಡಿಮೆ, ಆದರೆ 1941ಕ್ಕಿಂತ ಶೇ. 13 ಹೆಚ್ಚು. 1941ರಲ್ಲಿ ಕ್ಷಾಮ ಇರಲಿಲ್ಲ. ಇಡೀ ವಾದದ ಕೀಲಿರುವುದು ಈ ಎರಡನೆಯ ಹೋಲಿಕೆಯಲ್ಲಿ. ಕಡಿಮೆ ಅಕ್ಕಿಯಿದ್ದ ವರ್ಷ ಜನ ಉಳಿದರು, ಹೆಚ್ಚು ಅಕ್ಕಿಯಿದ್ದ ವರ್ಷ ಸತ್ತರು ಎಂದಮೇಲೆ ಕಾರಣವನ್ನು ಅಕ್ಕಿಯ ಮೊತ್ತದಾಚೆಗೆ ಹುಡುಕಬೇಕಾಗುತ್ತದೆ. ಶೇ. 5ನ್ನು ಒಂಟಿಯಾಗಿ ಬರೆದರೆ ಅದು ಆಯೋಗದ ಪರವಾಗಿ ಸಾಕ್ಷಿ ನುಡಿಯುತ್ತದೆ, ಶೇ. 13ನ್ನು ಜೊತೆಗಿಟ್ಟರೆ ಸೆನ್ ಪರವಾಗಿ.

ಹಾಗಾಗಿ ಅಂಕಿಗಳಿಗೆಂದೇ ಅವಳು ಬೇರೆ ಹಾಳೆಯೊಂದನ್ನು ಮಾಡಿದಳು. ಒಂದೊಂದು ಅಂಕಿಗೂ ಅದು ಏನನ್ನು ಅಳೆಯುತ್ತದೆ, ಯಾವುದಕ್ಕೆ ಹೋಲಿಸಿದ್ದು, ಯಾರ ಲೆಕ್ಕ, ಯಾವ ಪುಟ ಎಂದು ಬರೆದುಕೊಂಡಳು. ಸಾವಿನ ಸಂಖ್ಯೆಯ ವಿಷಯದಲ್ಲಿ ಇದು ಕೂಡಲೇ ಕೆಲಸಕ್ಕೆ ಬಂತು. ಆಯೋಗದ ಅಂದಾಜು ಸುಮಾರು 15 ಲಕ್ಷ, ಸೆನ್ ಅವರದು ಸುಮಾರು 30 ಲಕ್ಷ. "ಯಾರ ಲೆಕ್ಕ" ಎಂಬ ಕಲಮು ಇಲ್ಲದಿದ್ದರೆ ಈ ಎರಡರಲ್ಲಿ ಯಾವುದೋ ಒಂದು ಸೆನ್ ಹೆಸರಿನಲ್ಲಿ ಟಿಪ್ಪಣಿಗೆ ಇಳಿಯುತ್ತಿತ್ತು. ಕೊನೆಗೆ ಸಾವಿನ ಅಂಕಿಯನ್ನು ಅವಳು ನಮೂದಿಗೆ ತೆಗೆದುಕೊಳ್ಳಲೇ ಇಲ್ಲ, ಪ್ರಬಂಧದ ಪ್ರಶ್ನೆಗೆ ಅದು ಬೇಕಿರಲಿಲ್ಲ. ಹಾಳೆಯಲ್ಲಿ ಮಾತ್ರ ಉಳಿಯಿತು.

ಪ್ರಬಂಧದ ಪ್ರಶ್ನೆ ಎಂದೆ. ಟಿಪ್ಪಣಿಸಹಿತ ಗ್ರಂಥಸೂಚಿಯ ನಮೂದು ಸಾರಾಂಶದಿಂದ ಬೇರೆಯಾಗುವುದು ಅಲ್ಲಿಯೇ. ಇದೇ ಅಧ್ಯಾಯವನ್ನು ಯುದ್ಧಕಾಲದ ಬೆಲೆ ನಿಯಂತ್ರಣದ ಬಗ್ಗೆ ಬರೆಯುವವನೊಬ್ಬ ಓದಿದರೆ, ಕಲ್ಕತ್ತದ ಕೈಗಾರಿಕಾ ಕಾರ್ಮಿಕರಿಗೆ ಅಗ್ಗದ ಅಕ್ಕಿ ಒದಗಿಸಿದ ಭಾಗ ಅವನಿಗೆ ಮುಖ್ಯವಾಗುತ್ತದೆ. ಇವಳಿಗೆ ನೇಕಾರರು ಬೇಕು. ಹಾಗಾದರೆ 34 ಪುಟಗಳಲ್ಲಿ ಅವಳು ನಿಲ್ಲಬೇಕಾದದ್ದು ಯಾರು ನಿರ್ಗತಿಕರಾದರು ಎಂದು ಸೆನ್ ಕೇಳುವ ಭಾಗದಲ್ಲಿ. ಮೊದಲ ಕರಡು ಅದನ್ನು "ವಿವಿಧ ವರ್ಗಗಳ ಮೇಲಾದ ಪರಿಣಾಮ" ಎಂಬ ನಾಲ್ಕು ಪದಗಳಲ್ಲಿ ದಾಟಿಹೋಗಿತ್ತು.

ಆ ಭಾಗವನ್ನು ಮೂರನೆಯ ಸಲ ನಿಧಾನವಾಗಿ ಓದಿದಳು. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಮತ್ತು ಅವರ ಸಂಗಡಿಗರು ನಡೆಸಿದ ಸಮೀಕ್ಷೆಯನ್ನು ಆಧಾರ ಮಾಡಿಕೊಂಡು, ಯಾವ ಕಸುಬಿನವರು ಎಷ್ಟರಮಟ್ಟಿಗೆ ಬೀದಿಗೆ ಬಿದ್ದರು ಎಂಬುದನ್ನು ಸೆನ್ ಬಿಡಿಸಿಡುತ್ತಾರೆ. ಕೃಷಿ ಕೂಲಿಗಳು, ಮೀನುಗಾರರು, ಸಾಗಣೆಯ ಕೆಲಸದವರು, ಭತ್ತ ಕುಟ್ಟುವವರು, ಕೈಕಸುಬಿನವರು ಹೆಚ್ಚು ಪೆಟ್ಟು ತಿಂದರು. ಹಿಡುವಳಿ ರೈತರೂ ಪಾಲಿಗೆ ಬೇಸಾಯ ಮಾಡುವವರೂ ಅಷ್ಟು ನೆಲಕಚ್ಚಲಿಲ್ಲ, ಏಕೆಂದರೆ ಅವರ ಗಳಿಕೆ ಧಾನ್ಯದ ರೂಪದಲ್ಲೇ ಮನೆಗೆ ಬರುತ್ತಿತ್ತು. ಬೀರ್‌ಭೂಮ್ ಜಿಲ್ಲೆಯ ಬೋಲ್‌ಪುರದ ಚಿಲ್ಲರೆ ಬೆಲೆಗಳನ್ನು ಇಟ್ಟುಕೊಂಡು, ಹಾಲು, ಮೀನು, ಬಿದಿರಿನ ಛತ್ರಿ, ಕ್ಷೌರ ಇಂಥವುಗಳನ್ನು ಕೊಟ್ಟರೆ ಎಷ್ಟು ಅಕ್ಕಿ ಸಿಗುತ್ತಿತ್ತು ಎಂಬ ಲೆಕ್ಕವನ್ನೂ ಅವರು ಹಾಕುತ್ತಾರೆ. ಕ್ಷೌರಿಕನ ಕತ್ತರಿ, ಕೈ, ಅಂಗಡಿ ಎಲ್ಲ ಇದ್ದಹಾಗೇ ಇವೆ. ಆದರೆ ಅಕ್ಕಿ ತುಟ್ಟಿಯಾದಂತೆ ಜನ ಕ್ಷೌರವನ್ನು ಮುಂದಕ್ಕೆ ಹಾಕುತ್ತಾರೆ, ಮಾಡಿಸಿದರೂ ಆ ಕಾಸಿಗೆ ಬರುವ ಅಕ್ಕಿ ಕುಗ್ಗಿಹೋಗಿರುತ್ತದೆ. ದುಡಿಮೆಗೆ ಬದಲಾಗಿ ಒಬ್ಬನಿಗೆ ದಕ್ಕಬಹುದಾದ ಆಹಾರವನ್ನು ಸೆನ್ ವಿನಿಮಯದ ಹಕ್ಕುದಾರಿಕೆ ಎನ್ನುತ್ತಾರೆ, ಅದು ಕುಸಿದದ್ದೇ ಸಾವಿಗೆ ದಾರಿ ಎಂಬುದು ಅವರ ನಿಲುವು.

ಬಳ್ಳಾರಿಯ ನೇಕಾರನಿಗೂ ಇದೇ ಪ್ರಶ್ನೆ ಹಾಕಬಹುದು ಎಂದು ಅವಳಿಗೆ ಹೊಳೆದದ್ದು ಆ ಕೋಷ್ಟಕದ ಮುಂದೆ ಕೂತಾಗ. ಜೋಳ ತುಟ್ಟಿಯಾದಾಗ ಊರವರು ಮೊದಲು ಕೈಬಿಡುವುದು ಹೊಸ ಬಟ್ಟೆಯನ್ನು. ಮಳೆ ಕೈಕೊಟ್ಟದ್ದು ರೈತನ ಹೊಲಕ್ಕಾದರೂ ಮಗ್ಗ ನಿಲ್ಲುತ್ತದೆ. ಇದು ಸೆನ್ ಹೇಳಿದ್ದಲ್ಲ, ಅವರ ವಿಧಾನದಿಂದ ಅವಳು ಎತ್ತಿಕೊಂಡ ಪ್ರಶ್ನೆ. ಟಿಪ್ಪಣಿಯಲ್ಲಿ ಇವೆರಡರ ನಡುವೆ ಗೆರೆ ಸ್ಪಷ್ಟವಾಗಿರಬೇಕು. "ನನ್ನ ಪ್ರಬಂಧಕ್ಕೆ" ಎಂದು ಶುರುವಾಗುವ ವಾಕ್ಯದಲ್ಲಿ ಮಾತ್ರ ಇದಕ್ಕೆ ಜಾಗ ಕೊಟ್ಟೆವು.

ಮೌಲ್ಯಮಾಪನದ ವಾಕ್ಯ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. "ಬಹಳ ಉಪಯುಕ್ತ" ಎಂಬುದು ಯಾವ ಪುಸ್ತಕಕ್ಕೂ ಹೊಂದುತ್ತದೆ, ಹಾಗಾಗಿ ಯಾವುದರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಇನ್ನೊಂದು ತುದಿಯಲ್ಲಿ, ಸೆನ್ ಅವರನ್ನು ಟೀಕಿಸಿದ ಲೇಖನಗಳಿವೆ ಎಂದು ಕೇಳಿ ಆ ಟೀಕೆಗಳನ್ನು ಸೇರಿಸಲು ಹೊರಟಿದ್ದಳು. ಪೀಟರ್ ಬೌಬ್ರಿಕ್ 1986ರಲ್ಲಿ ಬರೆದದ್ದು ಅಂಥದೊಂದು, ಸೆನ್ ಅದಕ್ಕೆ ಉತ್ತರವನ್ನೂ ಕೊಟ್ಟಿದ್ದಾರೆ. ಅವನ್ನು ಓದದೆ ಟಿಪ್ಪಣಿಗೆ ತರಬಾರದು. ಓದಿದರೆ ಅವಕ್ಕೆ ಬೇರೆಯೇ ನಮೂದು ಮಾಡಬೇಕು. ಈ ಅಧ್ಯಾಯವನ್ನಷ್ಟೇ ಓದಿದವರಿಗೂ ತೂಗಿ ನೋಡಲು ಬೇಕಾದಷ್ಟು ಸಾಮಗ್ರಿ ಅದರೊಳಗೇ ಇದೆ. ಬಂಗಾಳದ ಬೆಳೆ ಅಂಕಿಅಂಶ ಅಷ್ಟೇನೂ ನೆಚ್ಚಿಕೆಗೆ ಅರ್ಹವಲ್ಲ ಎಂಬುದನ್ನೂ ಹಿಂದಿನ ವರ್ಷದಿಂದ ಉಳಿದ ದಾಸ್ತಾನಿನ ಪ್ರಶ್ನೆಯನ್ನೂ ಸೆನ್ ತಾವೇ ಎತ್ತಿಕೊಂಡು ಚರ್ಚಿಸಿದ್ದಾರೆ. ವಾದದ ಭಾರ ಇಂಥ ಅಂಕಿಗಳ ಮೇಲೆ ಬಿದ್ದಿದೆ ಎಂದು ಹೇಳಿದರೆ ಅದು ಓದಿನಿಂದ ಹುಟ್ಟಿದ ಮೌಲ್ಯಮಾಪನ.

ಅದಕ್ಕಿಂತ ದೊಡ್ಡ ಮಿತಿ ಅವಳ ವಿಷಯಕ್ಕೆ ಸಂಬಂಧಿಸಿದ್ದು. ಬಂಗಾಳದ ಕ್ಷಾಮವನ್ನು ಸೆನ್ ಉಬ್ಬರದ ಕ್ಷಾಮ ಎಂದು ಕರೆಯುತ್ತಾರೆ. ಯುದ್ಧದ ಖರ್ಚಿನಿಂದ ಹಣ ಹರಿದು, ಅದರಲ್ಲಿ ಪಾಲು ಪಡೆದವರು ಅಕ್ಕಿಯ ಬೆಲೆಯನ್ನು ಏರಿಸಿದರು, ಪಾಲು ಸಿಗದ ಹಳ್ಳಿಯ ಕೂಲಿ ಹಿಂದೆ ಬಿದ್ದ. 1876ರ ಬಳ್ಳಾರಿಯಲ್ಲಿ ಅಂಥ ಉಬ್ಬರ ಇರಲಿಲ್ಲ, ಮಳೆ ಹೋಗಿ ಬೆಳೆಯೇ ಒಣಗಿತ್ತು. ಆಹಾರದ ಮೊತ್ತ ನಿಜಕ್ಕೂ ಕುಸಿದಿದ್ದ ಕಡೆ, ಮೊತ್ತ ಕುಸಿಯದ ಕಡೆಯ ವಾದವನ್ನು ಹಾಗೆಯೇ ಹೊತ್ತು ತರುವಂತಿಲ್ಲ. ಅದೇ ಪುಸ್ತಕದ ಏಳನೆಯ ಅಧ್ಯಾಯ ಇಥಿಯೋಪಿಯಾದ ಕ್ಷಾಮದ್ದು, ಅದರಲ್ಲಿ ವೊಲ್ಲೊ ಪ್ರಾಂತ್ಯದ ಭಾಗವಿದೆ. ಅಲ್ಲಿ ಬರ ಬಿದ್ದು ರೈತನ ಸ್ವಂತ ಬೆಳೆ ಹೋಗಿತ್ತು, ಆ ಮಟ್ಟಿಗೆ ಅದು ಬಳ್ಳಾರಿಗೆ ಹತ್ತಿರ. ಆದರೆ ಕೊಳ್ಳುವ ಶಕ್ತಿಯೇ ಸತ್ತುಹೋಗಿ ವೊಲ್ಲೊದಲ್ಲಿ ಬೆಲೆ ಅಷ್ಟೇನೂ ಏರಲಿಲ್ಲ, ಬಳ್ಳಾರಿಯಲ್ಲಿ ವಿಪರೀತ ಏರಿತ್ತು. ಎರಡು ಮಾದರಿಗಳಲ್ಲಿ ಯಾವುದೂ ಪೂರ್ತಿ ಕೂರುವುದಿಲ್ಲ ಎಂಬುದೇ ಅವಳ ಪ್ರಬಂಧಕ್ಕೆ ಒಳ್ಳೆಯ ಆರಂಭವಾಯಿತು.

ವಿವರದ ಸಾಲಿನಲ್ಲಿ ಒಂದು ತೊಡಕಿತ್ತು. ಅವಳ ಬಳಿ ಇದ್ದದ್ದು ಅಧ್ಯಾಯದ ಜೆರಾಕ್ಸ್ ಮಾತ್ರ, ಪುಸ್ತಕದ ಮೊದಲ ಪುಟಗಳಿರಲಿಲ್ಲ. ಅಧ್ಯಾಯ ಎಂದ ಕೂಡಲೇ ಸಂಪಾದಿತ ಸಂಕಲನದ ಲೇಖನವೆಂದು ಭಾವಿಸಿ ಸಂಪಾದಕರ ಹೆಸರಿಗೆ ಜಾಗ ಬಿಟ್ಟಿದ್ದಳು. ಇದು ಒಬ್ಬರೇ ಬರೆದ ಪುಸ್ತಕ, ಸಂಪಾದಕರ ಪ್ರಶ್ನೆಯೇ ಬರುವುದಿಲ್ಲ. ಲೈಬ್ರರಿಗೆ ಹೋಗಿ ಶೀರ್ಷಿಕೆಯ ಪುಟವನ್ನೂ ಅದರ ಹಿಂಬದಿಯನ್ನೂ ಫೋಟೋ ತೆಗೆದುಕೊಂಡು ಬಂದಳು. ಈ ಪುಸ್ತಕ ಆಮೇಲೆ ಬೇರೆ ರೂಪಗಳಲ್ಲೂ ಮರುಮುದ್ರಣವಾಗಿದೆ, ಆದ್ದರಿಂದ ಕೈಯಲ್ಲಿರುವ ಪ್ರತಿಯ ವಿವರವನ್ನೇ ಕೊಡಬೇಕು.

ಕೊನೆಗೆ ಒಪ್ಪಿಸಿದ ನಮೂದು ಇದು:

"ಸೆನ್, ಅಮರ್ತ್ಯ. 1981. 'ದಿ ಗ್ರೇಟ್ ಬೆಂಗಾಲ್ ಫ್ಯಾಮಿನ್.' ಪಾವರ್ಟಿ ಅಂಡ್ ಫ್ಯಾಮಿನ್ಸ್: ಆನ್ ಎಸ್ಸೇ ಆನ್ ಎಂಟೈಟಲ್‌ಮೆಂಟ್ ಅಂಡ್ ಡೆಪ್ರಿವೇಶನ್, ಅಧ್ಯಾಯ 6, ಪು. 52–85. ಆಕ್ಸ್‌ಫರ್ಡ್: ಕ್ಲಾರೆಂಡನ್ ಪ್ರೆಸ್.

1943ರ ಬಂಗಾಳ ಕ್ಷಾಮಕ್ಕೆ ಅಕ್ಕಿಯ ಒಟ್ಟು ಕೊರತೆ ಮುಖ್ಯ ಕಾರಣವಲ್ಲ, ಕೆಲವು ಕಸುಬಿನವರು ಆಹಾರ ಪಡೆಯುವ ಹಕ್ಕುದಾರಿಕೆಯನ್ನು ಕಳೆದುಕೊಂಡದ್ದು ಕಾರಣ ಎಂದು ಸೆನ್ ವಾದಿಸುತ್ತಾರೆ. ಪೂರೈಕೆಯ ಕುಸಿತವನ್ನು ಕಾರಣವೆಂದ 1945ರ ಕ್ಷಾಮ ವಿಚಾರಣಾ ಆಯೋಗವನ್ನು ಅವರು ಅಲ್ಲಗಳೆಯುತ್ತಾರೆ. ಅವರ ಲೆಕ್ಕದಂತೆ 1943ರ ಪೂರೈಕೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇ. 5 ಕಡಿಮೆಯಾದರೂ ಕ್ಷಾಮವಿಲ್ಲದ 1941ಕ್ಕಿಂತ ಶೇ. 13 ಹೆಚ್ಚು. ಸಮೀಕ್ಷೆಗಳನ್ನೂ ಸ್ಥಳೀಯ ಬೆಲೆಗಳನ್ನೂ ಬಳಸಿ, ಕೃಷಿ ಕೂಲಿಗಳು, ಮೀನುಗಾರರು, ಕೈಕಸುಬಿನವರು ಹೆಚ್ಚು ನಿರ್ಗತಿಕರಾದರೆಂದೂ ಧಾನ್ಯದಲ್ಲೇ ಪಾಲು ಪಡೆಯುವ ಗೇಣಿದಾರರಿಗೆ ಪೆಟ್ಟು ಕಡಿಮೆಯೆಂದೂ ತೋರಿಸುತ್ತಾರೆ. ವಾದ ನಿಂತಿರುವ ಬೆಳೆ ಅಂಕಿಅಂಶಗಳು ದುರ್ಬಲ. ಸೆನ್ ಅದನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ. ನನ್ನ ಪ್ರಬಂಧಕ್ಕೆ ಕಸುಬುವಾರು ವಿಶ್ಲೇಷಣೆಯ ಈ ವಿಧಾನ ಬೇಕು: ಬಟ್ಟೆಗೆ ಬದಲಾಗಿ ನೇಕಾರನಿಗೆ ಎಷ್ಟು ಜೋಳ ದಕ್ಕುತ್ತಿತ್ತು ಎಂದು ಕೇಳಲು ಅದು ದಾರಿ ಮಾಡಿಕೊಡುತ್ತದೆ. ಆದರೆ ಬಂಗಾಳದ್ದು ಯುದ್ಧಕಾಲದ ಉಬ್ಬರದ ಕ್ಷಾಮ, 1876ರ ಬಳ್ಳಾರಿಯದು ಮಳೆ ಹೋದ ಕ್ಷಾಮ. ಕಾರಣಗಳ ವಿವರಣೆಯನ್ನು ನೇರವಾಗಿ ಅನ್ವಯಿಸಲಾಗದು. ಏಳನೆಯ ಅಧ್ಯಾಯದೊಂದಿಗೆ ಹೋಲಿಸಿ ಓದಬೇಕು."

ಇದನ್ನು ಹದಕ್ಕೆ ತರಲು ಹಲವು ಸಂಗತಿಗಳನ್ನು ಬಿಡಬೇಕಾಯಿತು. ಚಂಡಮಾರುತ, ಬರ್ಮಾ, ಬೆಲೆಯ ಏರಿಕೆಯ ಮೆಟ್ಟಿಲುಗಳು, ಕಲ್ಕತ್ತದ ಅಗ್ಗದ ಅಕ್ಕಿ, ಬೋಲ್‌ಪುರದ ಕ್ಷೌರಿಕ ಎಲ್ಲವೂ ಹೊರಗುಳಿದವು. ಕ್ಷೌರಿಕನನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಆದರೆ "ಸ್ಥಳೀಯ ಬೆಲೆಗಳನ್ನೂ ಬಳಸಿ" ಎಂಬ ಮೂರು ಪದಗಳು ಟಿಪ್ಪಣಿಯೊಳಗೆ ಅವನ ಕೆಲಸ ಮಾಡುತ್ತವೆ. ಆ ಉದಾಹರಣೆ ಪ್ರಬಂಧದ ಒಡಲಿನಲ್ಲಿ ಬರಬೇಕಾದದ್ದು, ಪುಟಸಂಖ್ಯೆಯ ಸಮೇತ ಅವಳ ಹಾಳೆಯಲ್ಲಿ ಅದು ಇದ್ದೇ ಇದೆ.

ಒಂದು ಕಡೆ ನಮ್ಮಿಬ್ಬರ ಅಭಿಪ್ರಾಯ ಕೂಡಲಿಲ್ಲ. "ಮುಖ್ಯ ಕಾರಣವಲ್ಲ" ಎಂಬಲ್ಲಿ ಅವಳು ಮೊದಲು "ಕಾರಣವೇ ಅಲ್ಲ" ಎಂದು ಬರೆದಿದ್ದಳು, ಅದು ಹೆಚ್ಚು ಖಡಕ್ಕಾಗಿ ಕೇಳುತ್ತದೆ ಎಂಬುದು ಅವಳ ಮಾತು. ಸೆನ್ ಅಷ್ಟು ದೂರ ಹೋಗುವುದಿಲ್ಲ. ಪೂರೈಕೆಗೆ ಏನೂ ಆಗಿರಲಿಲ್ಲ ಎಂದು ಅವರು ಎಲ್ಲಿಯೂ ಹೇಳಿಲ್ಲ, ಅಷ್ಟು ದೊಡ್ಡ ಕ್ಷಾಮವನ್ನು ಅದರಿಂದ ವಿವರಿಸಲಾಗದು ಎಂದಷ್ಟೇ ಹೇಳುತ್ತಾರೆ. ಚಿಕ್ಕದು ಮಾಡುವಾಗ ಮೊದಲು ಉದುರುವುದು ಇಂಥ "ಮುಖ್ಯ", "ಸುಮಾರು", "ಹೆಚ್ಚಾಗಿ" ಎಂಬ ಪದಗಳೇ. ಪದಮಿತಿ ಮೀರಿದರೆ ಒಂದು ಇಡೀ ವಾಕ್ಯವನ್ನು ತೆಗೆ, ಇವನ್ನು ಮುಟ್ಟಬೇಡ ಎಂದು ಪಟ್ಟು ಹಿಡಿದೆ. ಅವಳು ಕೋಷ್ಟಕಗಳ ಸಂಖ್ಯೆ ಹೇಳುವ ವಾಕ್ಯವೊಂದನ್ನು ತೆಗೆದಳು.

ಏಳನೆಯ ಅಧ್ಯಾಯಕ್ಕೆ ಮಾಡಿದ ಮುಂದಿನ ನಮೂದನ್ನು ಅವಳು ಅಂಚಿನ ಅಕ್ಷರಗಳಿಂದಲೇ ಶುರುಮಾಡಿದಳು. ಮೊದಲ ಕರಡಿನ ಮೊದಲ ವಾಕ್ಯದಲ್ಲೇ "ಸೆನ್ ತೋರಿಸುತ್ತಾರೆ" ಎಂದಿತ್ತು, ಮತ್ತು ವೊಲ್ಲೊದಲ್ಲಿ ಬೆಲೆ ಏರದಿದ್ದದ್ದಕ್ಕೆ ಅವರು ಕೊಡುವ ಕಾರಣ ಎರಡನೆಯ ವಾಕ್ಯದಲ್ಲಿ ಬಂದಿತ್ತು. ಬಳ್ಳಾರಿಯ ಬೆಲೆಗಳೊಂದಿಗೆ ಹೋಲಿಸಲು ಅಂದಿನ ಜಿಲ್ಲಾ ದಾಖಲೆಗಳಲ್ಲಿ ಜೋಳದ ಧಾರಣೆಯನ್ನು ಹುಡುಕಬೇಕು ಎಂದು ಕೊನೆಯಲ್ಲಿ ಬರೆದುಕೊಂಡಿದ್ದಳು.